ನಾಯ್ಸನ್ನೆಲ್ಲ ಒಂದೇ ಏಟಿಗೆ ಯಾಕೆ ತೆಗೆಯುವುದಿಲ್ಲ?

ಪ್ರಶ್ನೆ: ಹವ್ಯಾಸಕ್ಕೆ ಅಂತ ನನ್ನ ಕಂಪ್ಯೂಟರಿನಲ್ಲೇ, ಬರೆದು ಹೇಳಿದ ಹಾಗೆ ಚಿತ್ರ ಮಾಡಿಕೊಡುವ ಸ್ಟೇಬಲ್ ಡಿಫ್ಯೂಷನ್ ಓಡಿಸುತ್ತೇನೆ. ಮಾಡೆಲ್ ನಾಯ್ಸನ್ನು, ಅಂದರೆ ಅಡ್ಡಾದಿಡ್ಡಿ ಚುಕ್ಕೆಗಳ ಗದ್ದಲವನ್ನು, ಸ್ವಲ್ಪ ಸ್ವಲ್ಪವೇ ತೆಗೆಯುತ್ತಾ ಚಿತ್ರ ಮಾಡುತ್ತದೆ ಅಂತ ಎಲ್ಲ ಕಡೆ ಓದಿದ್ದೇನೆ. ಆದರೆ ಯಾವುದು ನಾಯ್ಸ್ ಅಂತ ಅದಕ್ಕೆ ಗೊತ್ತಿದ್ದರೆ ಒಂದೇ ಸಲ ಪೂರ್ತಿ ತೆಗೆದುಬಿಡಬಹುದಲ್ವಾ? 20, 50 ಸ್ಟೆಪ್ ಯಾಕೆ ಬೇಕು? ಇನ್ನೊಂದು ಅನುಮಾನ. ಶುರುವಿನಲ್ಲಿ ಇರುವುದು ಬರೀ ನಾಯ್ಸ್. ಅದರೊಳಗೆ ಚಿತ್ರವೇ ಇಲ್ಲ ಅಂದಮೇಲೆ, ನಾಯ್ಸ್ ತೆಗೆದ ಮೇಲೆ ಉಳಿಯುವ ಚಿತ್ರ ಎಲ್ಲಿಂದ ಬಂತು?

ಉತ್ತರ: ಯಾವುದು ನಾಯ್ಸ್ ಅಂತ ಮಾಡೆಲ್‌ಗೆ ಗೊತ್ತಿರುವುದಿಲ್ಲ. ಅದು ಊಹೆ ಮಾಡುತ್ತದೆ, ಅಷ್ಟೆ. ಶುರುವಿನ ಊಹೆ ಎಷ್ಟು ಮಂದವಾಗಿರುತ್ತದೆ ಅಂದರೆ, ಅದನ್ನೇ ನಂಬಿ ನಾಯ್ಸನ್ನೆಲ್ಲ ಕಳೆದರೆ ನಿಮಗೆ ಸಿಗುವುದು ಬೂದು ಬಣ್ಣದ ಮಸುಕು ಮಾತ್ರ. ಅದಕ್ಕೇ ಮಾಡೆಲ್ ಹೇಳಿದ ದಿಕ್ಕಿನಲ್ಲಿ ಒಂದು ಸಣ್ಣ ಹೆಜ್ಜೆ ಇಟ್ಟು, ಅಲ್ಲಿ ನಿಂತು ಮತ್ತೆ ಕೇಳುತ್ತೇವೆ. ಎರಡನೇ ಊಹೆ ಮೊದಲಿನದಕ್ಕಿಂತ ಚೂರು ಚೊಕ್ಕವಾಗಿರುತ್ತದೆ. ಹೀಗೇ ಮುಂದೆ. ನಿಮ್ಮ ಎರಡೂ ಪ್ರಶ್ನೆಗಳ ಉತ್ತರ ಈ ಊಹೆ ಯಾವ ಥರದ್ದು ಅನ್ನುವುದರಲ್ಲೇ ಇದೆ. ಹಾಗಾಗಿ ಅದನ್ನೇ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಟ್ರೈನಿಂಗ್. ಈ ಉಪಾಯದ ಬೇರು 2015ರಲ್ಲಿ ಸೋಲ್-ಡಿಕ್‌ಸ್ಟೀನ್ ಮತ್ತು ಸಂಗಡಿಗರು ಬರೆದ ಪ್ರಬಂಧದಲ್ಲಿದೆ. 2020ರಲ್ಲಿ ಜೊನಾಥನ್ ಹೋ, ಅಜಯ್ ಜೈನ್, ಪೀಟರ್ ಅಬೀಲ್ ಮೂವರೂ ಅದನ್ನು ಸರಳ ಮಾಡಿ, ಒಳ್ಳೆಯ ಚಿತ್ರಗಳು ಬರುತ್ತವೆ ಅಂತ ತೋರಿಸಿದರು. ಅವರ ವಿಧಾನ ಹೀಗೆ. ಒಂದು ನಿಜವಾದ ಚಿತ್ರ ತೆಗೆದುಕೊಳ್ಳಿ. ಅದರ ಪ್ರತಿ ಪಿಕ್ಸೆಲ್‌ಗೂ ರ‍್ಯಾಂಡಮ್ ಸಂಖ್ಯೆಯೊಂದನ್ನು ಬೆರೆಸಿ. ಬೆರೆಸುವ ಪ್ರಮಾಣಕ್ಕೆ 1000 ಮಟ್ಟಗಳಿವೆ. ಮೊದಲ ಮಟ್ಟದಲ್ಲಿ ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. 500ನೇ ಮಟ್ಟದಲ್ಲಿ ಮೂಲ ಚಿತ್ರವನ್ನು ಸುಮಾರು 0.28ರಿಂದ ಗುಣಿಸಿ ಕುಗ್ಗಿಸಿರುತ್ತಾರೆ, ಉಳಿದ ಜಾಗವೆಲ್ಲ ನಾಯ್ಸಿನದು. 1000ನೇ ಮಟ್ಟದಲ್ಲಿ ಆ ಗುಣಕ ಸುಮಾರು 0.006. ಅಂದರೆ ಚಿತ್ರ ಇದ್ದೂ ಇಲ್ಲದ ಹಾಗೆ.

ಸೂತ್ರ ಬರೆದರೆ ಇಷ್ಟೇ:

```
x = a * chitra + s * noise      (a*a + s*s = 1)
```

`a` ಅನ್ನುವುದು ಚಿತ್ರದ ಪಾಲು, `s` ನಾಯ್ಸಿನ ಪಾಲು. 700ನೇ ಮಟ್ಟದ ಚಿತ್ರ ಬೇಕಾದರೆ 700 ಸಲ ನಾಯ್ಸ್ ಸೇರಿಸುತ್ತಾ ಕೂರಬೇಕಿಲ್ಲ. ಆ ಮಟ್ಟದ `a`, `s` ಹಾಕಿ ಒಂದೇ ಸಲಕ್ಕೆ ಬೆರೆಸಬಹುದು. ಟ್ರೈನಿಂಗಿನಲ್ಲಿ ಹಾಗೇ ಮಾಡುತ್ತಾರೆ. ಯಾವುದೋ ಒಂದು ಚಿತ್ರ, ಯಾವುದೋ ಒಂದು ಮಟ್ಟ, ಒಂದಷ್ಟು ಹೊಸ ನಾಯ್ಸ್. ಬೆರೆಸಿದ್ದನ್ನು ನ್ಯೂರಲ್ ನೆಟ್‌ವರ್ಕ್‌ಗೆ ಕೊಟ್ಟು, ಇದು ಇಷ್ಟನೇ ಮಟ್ಟ ಅಂತಲೂ ಹೇಳಿ, ಬೆರೆಸಿದ ನಾಯ್ಸ್ ಯಾವುದು ಅಂತ ಕೇಳುತ್ತಾರೆ. ಅದು ಕೊಟ್ಟ ಉತ್ತರಕ್ಕೂ ನಿಜವಾದ ನಾಯ್ಸಿಗೂ ಇರುವ ವ್ಯತ್ಯಾಸದ ವರ್ಗವೇ ತಪ್ಪಿನ ಅಳತೆ. ಆ ಅಳತೆ ಕಡಿಮೆಯಾಗುವ ಹಾಗೆ ನೆಟ್‌ವರ್ಕನ್ನು ತಿದ್ದುತ್ತಾರೆ. ಕೋಟಿಗಟ್ಟಲೆ ಚಿತ್ರಗಳ ಮೇಲೆ ಇದನ್ನೇ ಮತ್ತೆ ಮತ್ತೆ ಮಾಡುವುದು. ಬೇರೆ ಯಾವ ಗುಟ್ಟೂ ಇಲ್ಲ.

ಒಂದು ಮಾತು ಗಮನದಲ್ಲಿರಲಿ. ನಾಯ್ಸನ್ನು ಊಹಿಸುವುದೂ ಚಿತ್ರವನ್ನು ಊಹಿಸುವುದೂ ಒಂದೇ ಕೆಲಸ. ಮೇಲಿನ ಸೂತ್ರದಲ್ಲಿ `x` ಗೊತ್ತು, `a`, `s` ಗೊತ್ತು. ನಾಯ್ಸ್ ಇಷ್ಟು ಅಂದುಕೊಂಡರೆ ಚಿತ್ರ ಎಷ್ಟು ಅನ್ನುವುದು ಕಳೆದು ಭಾಗಿಸಿದರೆ ಬರುತ್ತದೆ. ಹಾಗಾಗಿ ಇನ್ನು ಮುಂದೆ ನಾನು 'ಊಹೆ' ಅಂದರೆ ಚಿತ್ರದ ಊಹೆ ಅಂತಲೇ ಓದಿಕೊಳ್ಳಿ.

ಈಗ ಅಸಲಿ ವಿಷಯ. ತಪ್ಪನ್ನು ವರ್ಗ ಮಾಡಿ ಅಳೆದರೆ, ಅನುಮಾನ ಇರುವ ಕಡೆ ಅತಿ ಕಡಿಮೆ ತಪ್ಪು ಬರುವ ಉತ್ತರ ಸರಾಸರಿಯೇ. ಒಂದು ಪಿಕ್ಸೆಲ್ ಕಪ್ಪೂ ಇರಬಹುದು, ಬಿಳಿಯೂ ಇರಬಹುದು, ಎರಡಕ್ಕೂ ಸಮ ಅವಕಾಶ ಅಂದುಕೊಳ್ಳಿ. ಕಪ್ಪಿಗೆ −1, ಬಿಳಿಗೆ +1 ಅನ್ನೋಣ. ನೆಟ್‌ವರ್ಕ್ ಧೈರ್ಯ ಮಾಡಿ +1 ಅಂದರೆ ಅರ್ಧ ಸಲ ತಪ್ಪು 0, ಇನ್ನರ್ಧ ಸಲ 4. ಸರಾಸರಿ ತಪ್ಪು 2. ನಡುವಿನ 0 ಅಂದರೆ ಪ್ರತಿ ಸಲವೂ ತಪ್ಪು 1. ಹಾಗಾಗಿ ನೆಟ್‌ವರ್ಕ್ ಬೂದು ಬಣ್ಣ ಹೇಳುವುದನ್ನೇ ಕಲಿಯುತ್ತದೆ, ಟ್ರೈನಿಂಗಿನಲ್ಲಿ ಬೂದು ಪಿಕ್ಸೆಲ್ ಒಂದೂ ಇಲ್ಲದಿದ್ದರೂ!

ಇದನ್ನೇ ಇಡೀ ಚಿತ್ರಕ್ಕೆ ಅನ್ವಯಿಸಿ. ಪೂರ್ತಿ ನಾಯ್ಸ್ ಕೊಟ್ಟು ಇದರ ಹಿಂದಿರುವ ಚಿತ್ರ ಯಾವುದು ಅಂತ ಕೇಳಿದರೆ, ಟ್ರೈನಿಂಗಿನಲ್ಲಿ ನೋಡಿದ ಯಾವ ಚಿತ್ರ ಬೇಕಾದರೂ ಇರಬಹುದು. ಅದಕ್ಕೇ ಸರಿಯಾದ ಉತ್ತರ ಅಂದರೆ ಅವೆಲ್ಲದರ ಸರಾಸರಿ. ಮುಖ, ಮರ, ಕಟ್ಟಡ, ಆಕಾಶ ಎಲ್ಲ ಕಲಸಿದ ಮಸುಕು. ಮಾಡೆಲ್ ದಡ್ಡ ಅಂತ ಇದಕ್ಕೆ ಅರ್ಥವಲ್ಲ. ಇರುವ ಮಾಹಿತಿಯಲ್ಲಿ ಅದಕ್ಕಿಂತ ಒಳ್ಳೆಯ ಉತ್ತರವೇ ಇಲ್ಲ.

ಹಾಗಾದರೆ ಅದೇ ಸರಾಸರಿಯಿಂದ ಚೊಕ್ಕ ಚಿತ್ರ ಹೇಗೆ ಹುಟ್ಟುತ್ತದೆ? ಇದನ್ನು ಕೈಯಾರೆ ಲೆಕ್ಕ ಹಾಕಿ ನೋಡುವಷ್ಟು ಪುಟ್ಟ ಉದಾಹರಣೆ ಮಾಡೋಣ. ನಮ್ಮ ಚಿತ್ರದಲ್ಲಿ ಒಂದೇ ಪಿಕ್ಸೆಲ್. ಟ್ರೈನಿಂಗಿನಲ್ಲಿ ಎರಡೇ ಚಿತ್ರ: ಕಪ್ಪು, ಬಿಳಿ. ಇಷ್ಟು ಸಣ್ಣದಕ್ಕೆ ನ್ಯೂರಲ್ ನೆಟ್‌ವರ್ಕ್ ಬೇಕಿಲ್ಲ. ಸರಿಯಾದ ಸರಾಸರಿ ಊಹೆ ನೇರ ಸೂತ್ರದಲ್ಲೇ ಸಿಗುತ್ತದೆ: `tanh(a*x/s2)`. ಇಲ್ಲಿ `s2` ಅಂದರೆ `s`ನ ವರ್ಗ. `x` ಸೊನ್ನೆಗಿಂತ ಜಾಸ್ತಿ ಇದ್ದರೆ ಊಹೆ ಬಿಳಿಯ ಕಡೆ ವಾಲುತ್ತದೆ, ಕಡಿಮೆ ಇದ್ದರೆ ಕಪ್ಪಿನ ಕಡೆ. ಎಷ್ಟು ವಾಲುತ್ತದೆ ಅನ್ನುವುದು ನಾಯ್ಸ್ ಎಷ್ಟಿದೆ ಅನ್ನುವುದರ ಮೇಲೆ ನಿಂತಿದೆ.

```python
import math
x = 0.5
a = [0.1, 0.4, 0.7, 0.9, 0.98, 1.0]
for i in range(len(a) - 1):
    s2 = 1 - a[i]**2
    guess = math.tanh(a[i] * x / s2)
    noise = (x - a[i]*guess) / math.sqrt(s2)
    x = a[i+1]*guess + math.sqrt(1 - a[i+1]**2)*noise
    print(round(guess, 2), round(x, 2))
```

`x = 0.5` ಅನ್ನುವುದು ನಮ್ಮ ಶುರುವಿನ ನಾಯ್ಸ್, ಸುಮ್ನೆ ಆರಿಸಿದ ಸಂಖ್ಯೆ. `a` ಪಟ್ಟಿ ನಾವು ಇಳಿಯುವ ಮೆಟ್ಟಿಲುಗಳು. ಚಿತ್ರದ ಪಾಲು 0.1ರಿಂದ ಶುರುವಾಗಿ 1ಕ್ಕೆ ಮುಟ್ಟಬೇಕು.

ಮೊದಲ ಮೆಟ್ಟಿಲಲ್ಲಿ ಊಹೆ 0.05. ಅಂದರೆ ಹೆಚ್ಚೂಕಡಿಮೆ ಬೂದು, ಕೂದಲೆಳೆಯಷ್ಟು ಬಿಳಿಯ ಕಡೆಗೆ. ನೀವು ಕೇಳಿದ ಹಾಗೆ ನಾಯ್ಸನ್ನು ಇಲ್ಲೇ ಪೂರ್ತಿ ತೆಗೆದರೆ ಕೈಗೆ ಬರುವುದು ಇದೇ 0.05. ಹಾಗೆ ಮಾಡದೆ, ಊಹೆಯ ಪಾಲನ್ನು ಚೂರು ಹೆಚ್ಚಿಸಿ ನಾಯ್ಸಿನ ಪಾಲನ್ನು ಚೂರು ತಗ್ಗಿಸಿ ಮುಂದಿನ ಮೆಟ್ಟಿಲಿಗೆ ಬರುತ್ತೇವೆ. ಈಗ `x` 0.48. ಸಂಖ್ಯೆ ಹೆಚ್ಚೇನೂ ಬದಲಾಗಿಲ್ಲ. ಆದರೆ ಈಗ ನಾಯ್ಸ್ ಕಡಿಮೆ ಇದೆ ಅಂತ ಗೊತ್ತಿರುವುದರಿಂದ ಅದೇ 0.48ಕ್ಕೆ ತೂಕ ಜಾಸ್ತಿ. ಊಹೆ 0.22 ಆಗುತ್ತದೆ. ಮುಂದಿನ ಮೆಟ್ಟಿಲಲ್ಲಿ 0.56. ಅದರ ಮುಂದೆ 0.99. ಕೊನೆಗೆ 1. ಅಚ್ಚ ಬಿಳಿ.

ನಡುವೆ `x` ಏನು ಮಾಡಿತು ನೋಡಿ: 0.48, 0.46, 0.54, 0.81, 1. ಅರ್ಧ ದಾರಿ ಅದು ಅಲ್ಲಲ್ಲೇ ಸುಳಿದಾಡಿ, ಕೊನೆಯ ಎರಡು ಹೆಜ್ಜೆಯಲ್ಲಿ ಜಿಗಿಯಿತು. ದಾರಿ ನೇರವಾಗಿಲ್ಲ, ಬಾಗಿದೆ. ಬಾಗಿದ ದಾರಿಯಲ್ಲಿ ದೊಡ್ಡ ಹೆಜ್ಜೆ ಇಟ್ಟರೆ ತಿರುವು ತಪ್ಪುತ್ತದೆ. ಪರೀಕ್ಷಿಸಬೇಕಾದರೆ ಪಟ್ಟಿಯನ್ನು `[0.1, 0.7, 1.0]` ಅಂತ ಬದಲಿಸಿ ಓಡಿಸಿ. ಎರಡೇ ಹೆಜ್ಜೆ. ಕೊನೆಗೆ ಸಿಗುವುದು 0.49. ಅತ್ತ ಬಿಳಿಯೂ ಅಲ್ಲ, ಇತ್ತ ಬೂದೂ ಅಲ್ಲ. ಸ್ಟೆಪ್ ಸಂಖ್ಯೆಯನ್ನು 5ಕ್ಕೆ ಇಳಿಸಿದಾಗ ನಿಮ್ಮ ಪರದೆಯ ಮೇಲೆ ಬರುವ ಮಸುಕಾದ, ಬಣ್ಣ ಸತ್ತ ಚಿತ್ರ ಇದರದೇ ದೊಡ್ಡ ರೂಪ.

ಈಗ ಶುರುವಿನ `x` ಅನ್ನು −0.5 ಮಾಡಿ ಮತ್ತೆ ಓಡಿಸಿ. ಎಲ್ಲ ಸಂಖ್ಯೆಗಳೂ ಚಿಹ್ನೆ ಬದಲಿಸಿಕೊಂಡು ಬರುತ್ತವೆ, ಕೊನೆಗೆ −1, ಅಚ್ಚ ಕಪ್ಪು. ನಿಮ್ಮ ಎರಡನೇ ಅನುಮಾನಕ್ಕೆ ಉತ್ತರ ಇಲ್ಲಿದೆ. 0.5ರ ಒಳಗೆ ಬಿಳಿ ಚಿತ್ರ ಅಡಗಿ ಕೂತಿರಲಿಲ್ಲ. ಅದು ಬರೀ ಒಂದು ಸಂಖ್ಯೆ. ಏನೇನು ಚಿತ್ರಗಳು ಸಾಧ್ಯ ಅನ್ನುವ ತಿಳಿವಳಿಕೆ ಊಹೆ ಮಾಡುವ ಸೂತ್ರದಲ್ಲಿತ್ತು. ಅವುಗಳಲ್ಲಿ ಯಾವುದು ಅಂತ ಆರಿಸಿದ್ದು ನಾಯ್ಸ್. ನಿಮ್ಮ ಪ್ರೋಗ್ರಾಮಿನಲ್ಲಿರುವ ಸೀಡ್ ಇದೇ ಶುರುವಿನ ನಾಯ್ಸನ್ನು ಹುಟ್ಟಿಸುವ ಸಂಖ್ಯೆ. ಅದಕ್ಕೇ ಸೀಡ್, ಪ್ರಾಂಪ್ಟ್ ಮತ್ತು ಉಳಿದ ಸೆಟ್ಟಿಂಗ್ ಎಲ್ಲ ಒಂದೇ ಇದ್ದರೆ ಅದೇ ಚಿತ್ರ ಮತ್ತೆ ಬರುತ್ತದೆ.

ಒಂದು ಉಪಮಾತು. ನಾನು ಬರೆದ ಕೋಡಿನಲ್ಲಿ ಹೊಸ ನಾಯ್ಸ್ ಸೇರುವುದಿಲ್ಲ. ಇದು 2020ರ ಕೊನೆಗೆ ಬಂದ ಡಿಡಿಐಎಂ ಅನ್ನುವ ವಿಧಾನ. ಅದಕ್ಕೂ ಮುಂಚಿನ ಮೂಲ ವಿಧಾನದಲ್ಲಿ ಪ್ರತಿ ಹೆಜ್ಜೆಗೂ ಚೂರು ಹೊಸ ನಾಯ್ಸ್ ಬೆರೆಸುತ್ತಿದ್ದರು. ಹೆಜ್ಜೆ ಇಡುವ ಇಂಥ ವಿಧಾನಗಳಿಗೆ ಸ್ಯಾಂಪ್ಲರ್ ಅನ್ನುತ್ತಾರೆ. ನಿಮ್ಮ ಸ್ಯಾಂಪ್ಲರ್ ಪಟ್ಟಿಯಲ್ಲಿ `Euler` ಮತ್ತು `Euler a` ಅಂತ ಎರಡು ಇರಬೇಕು. ಎರಡನೆಯದು ಹೊಸ ನಾಯ್ಸ್ ಬೆರೆಸುವ ಜಾತಿ. ಅದರಲ್ಲಿ 20 ಸ್ಟೆಪ್‌ಗೆ ಬಂದ ಚಿತ್ರಕ್ಕೂ 40 ಸ್ಟೆಪ್‌ಗೆ ಬಂದ ಚಿತ್ರಕ್ಕೂ ಸಂಬಂಧವೇ ಇಲ್ಲದಂತೆ ಕಾಣುವುದುಂಟು. ಸಾದಾ `Euler`ನಲ್ಲಿ ಸ್ಟೆಪ್ ಹೆಚ್ಚಿಸುತ್ತಾ ಹೋದಂತೆ ಚಿತ್ರ ಒಂದು ಕಡೆ ನೆಲೆ ನಿಲ್ಲುತ್ತದೆ. ಎಷ್ಟು ಸ್ಟೆಪ್ ಸಾಕು ಅಂತ ಅಳೆಯಬೇಕಾದರೆ ನೆಲೆ ನಿಲ್ಲುವುದರಲ್ಲೇ ಅಳೆಯಿರಿ. ಒಂದೇ ಸೀಡ್ ಇಟ್ಟು 10, 20, 30, 50 ಹಾಕಿ ಪಕ್ಕಪಕ್ಕ ನೋಡಿ. ಬದಲಾವಣೆ ಕಣ್ಣಿಗೆ ಕಾಣದ ಜಾಗ ಬಂತಾ, ಅಲ್ಲಿಂದಾಚೆ ಕರೆಂಟು ದಂಡ.

ಒಂದು ಪಿಕ್ಸೆಲ್‌ನಿಂದ ನಿಜವಾದ ಚಿತ್ರಕ್ಕೆ ಬರೋಣ. ನೀವು ಬಳಸುವ ಸ್ಟೇಬಲ್ ಡಿಫ್ಯೂಷನ್ನಿನ ಮೊದಲ ಆವೃತ್ತಿಗಳು 512×512 ಚಿತ್ರದ ಮೇಲೆ ನೇರವಾಗಿ ಕೆಲಸ ಮಾಡುವುದಿಲ್ಲ. ಇನ್ನೊಂದು ನೆಟ್‌ವರ್ಕ್ ಅದನ್ನು ಮೊದಲೇ 64×64 ಗಾತ್ರದ, ನಾಲ್ಕು ಪದರದ ಸಂಖ್ಯೆಗಳಿಗೆ ಒತ್ತಿ ಸಣ್ಣದು ಮಾಡಿರುತ್ತದೆ. ಸಂಖ್ಯೆಗಳು 48 ಪಟ್ಟು ಕಡಿಮೆಯಾಗುತ್ತವೆ. ಸಾಮಾನ್ಯ ಕಂಪ್ಯೂಟರಿನಲ್ಲಿ ಇದು ಓಡುವುದಕ್ಕೆ ಅದೇ ಮುಖ್ಯ ಕಾರಣ. ನಾಯ್ಸ್ ಹಾಕುವುದು, ತೆಗೆಯುವುದು ಎಲ್ಲ ಈ ಸಣ್ಣ ರೂಪದ ಮೇಲೆ. ಕೊನೆಗೆ ಒಂದು ಸಲ ಬಿಚ್ಚಿ ಪಿಕ್ಸೆಲ್ ಮಾಡುತ್ತಾರೆ. ತತ್ವ ಮಾತ್ರ ಅದೇ.

ಒಂದು ವ್ಯತ್ಯಾಸ ಇದೆ. ನಿಜವಾದ ಚಿತ್ರದಲ್ಲಿ ಎಲ್ಲ ಅನುಮಾನಗಳೂ ಒಟ್ಟಿಗೆ ಬಗೆಹರಿಯುವುದಿಲ್ಲ. ಆಕಾಶ ಮೇಲೆ, ನೆಲ ಕೆಳಗೆ, ಎಡಗಡೆ ಏನೋ ದೊಡ್ಡದು ಕಪ್ಪಗಿದೆ ಅನ್ನುವಂಥ ದೊಡ್ಡ ವಿಷಯಗಳು ನೂರಾರು ಪಿಕ್ಸೆಲ್‌ಗಳಲ್ಲಿ ಹರಡಿರುತ್ತವೆ. ಪಕ್ಕಪಕ್ಕದ ನಾಯ್ಸ್ ಒಂದನ್ನೊಂದು ಹೊಡೆದುಹಾಕುವುದರಿಂದ, ಜೋರು ನಾಯ್ಸಿನ ನಡುವೆಯೂ ಇವು ಬೇಗ ಗುರುತಿಗೆ ಸಿಗುತ್ತವೆ. ಹುಬ್ಬಿನ ಕೂದಲು, ಬಟ್ಟೆಯ ನೇಯ್ಗೆ ಇಂಥವು ಕೆಲವೇ ಪಿಕ್ಸೆಲ್‌ಗಳ ವ್ಯವಹಾರ. ಸ್ವಲ್ಪ ನಾಯ್ಸ್ ಇದ್ದರೂ ಮುಚ್ಚಿಹೋಗುತ್ತವೆ. ಹಾಗಾಗಿ ಮೊದಲ ಹೆಜ್ಜೆಗಳಲ್ಲಿ ಚಿತ್ರದ ಒಟ್ಟು ಜೋಡಣೆ ನಿರ್ಧಾರವಾಗುತ್ತದೆ, ನಡುವೆ ಆಕಾರಗಳು, ಕೊನೆಗೆ ನವಿರು ವಿವರ.

ಇದನ್ನು ಕಣ್ಣಾರೆ ನೋಡಬಹುದು. ಹೆಚ್ಚಿನ ಪ್ರೋಗ್ರಾಮುಗಳಲ್ಲಿ ಲೈವ್ ಪ್ರಿವ್ಯೂ ಇರುತ್ತದೆ. ಕೋಡ್ ಬರೆಯುವವರಾದರೆ `diffusers` ಲೈಬ್ರರಿಯ `DDIMScheduler` ಪ್ರತಿ ಹೆಜ್ಜೆಗೂ `pred_original_sample` ಅಂತ ಒಂದನ್ನು ಕೊಡುತ್ತದೆ. ಆ ಕ್ಷಣದ ಚಿತ್ರದ ಊಹೆ ಅದು, ನಮ್ಮ ಕೋಡಿನ `guess`. ಅದನ್ನು ಪ್ರತಿ ಸಲ ಉಳಿಸಿ ಸಾಲಾಗಿ ಇಟ್ಟು ನೋಡಿ. ನಾಯ್ಸ್ ಇರುವ `x` ನೋಡಿದರೆ ಏನೂ ತಿಳಿಯದ ಹಂತದಲ್ಲೇ ಊಹೆಯಲ್ಲಿ ಮಸುಕಾದ ಬಣ್ಣದ ಗುಡ್ಡೆಗಳು ಕಾಣುತ್ತವೆ. ಅವು ಯಾವತ್ತೂ ಕಾಳುಕಾಳಾಗಿರುವುದಿಲ್ಲ, ಮಂಜು ಮಂಜಾಗಿರುತ್ತವೆ. ಸರಾಸರಿ ಅಂದರೆ ಹಾಗೇ ಅಲ್ವಾ. ಹೆಜ್ಜೆ ಹೆಜ್ಜೆಗೂ ಮಂಜು ಹರಿಯುತ್ತದೆ. ಇಡೀ ವಿಷಯದಲ್ಲಿ ಒಂದೇ ಒಂದು ಪ್ರಯೋಗ ಮಾಡಿ ಅಂದರೆ ನಾನು ಹೇಳುವುದು ಇದನ್ನೇ.

ಒಂದು ಚಿತ್ರವನ್ನು ಕೊಟ್ಟು ಇನ್ನೊಂದು ಮಾಡಿಸುವ `img2img`ನ ಒಳಗುಟ್ಟೂ ಇದೇ. ನಿಮ್ಮ ಚಿತ್ರಕ್ಕೆ ಅರ್ಧಂಬರ್ಧ ನಾಯ್ಸ್ ಹಾಕಿ, ಅಲ್ಲಿಂದ ಕೆಳಗಿಳಿಯುತ್ತಾರೆ. 50 ಸ್ಟೆಪ್, `strength` 0.3 ಅಂತ ಕೊಟ್ಟರೆ ಅದರಲ್ಲಿ ಕೊನೆಯ 15 ಮಾತ್ರ ಓಡುತ್ತವೆ. ಜೋಡಣೆಯ ನಿರ್ಧಾರ ಮೇಲಿನ ಮೆಟ್ಟಿಲುಗಳಲ್ಲೇ ಆಗಿಹೋಗಿರುವುದರಿಂದ ಭಂಗಿ ಹಾಗೇ ಉಳಿದು ಮೇಲ್ಮೈ ಮಾತ್ರ ಬದಲಾಗುತ್ತದೆ. ಕುಳಿತವರನ್ನು ನಿಲ್ಲಿಸಬೇಕು ಅಂತ 0.3ರಲ್ಲಿ ಎಷ್ಟು ಪ್ರಾಂಪ್ಟ್ ತಿದ್ದಿದರೂ ಏಳದೆ ಇರುವುದು ಅದಕ್ಕೇ. 0.8ರ ಹತ್ತಿರ ಹೋಗಬೇಕು.

ಹಾಗಾದರೆ ಒಂದೇ ಸ್ಟೆಪ್‌ನಲ್ಲಿ ಚಿತ್ರ ಮಾಡುವ ಮಾಡೆಲ್‌ಗಳೂ ಇವೆಯಲ್ಲ ಅಂತ ನೀವು ಕೇಳಬಹುದು. ಇವೆ. 2023ರ ಕೊನೆಗೆ ಬಂದ ಎಸ್‌ಡಿಎಕ್ಸ್‌ಎಲ್ ಟರ್ಬೊ ಒಂದರಿಂದ ನಾಲ್ಕು ಹೆಜ್ಜೆಯಲ್ಲೇ ಮುಗಿಸುತ್ತದೆ. ಇಂಥವನ್ನು ಮಾಡುವುದಕ್ಕೆ ಹಲವು ದಾರಿಗಳಿವೆ, ಟರ್ಬೊದ್ದು ಇನ್ನೊಂದು ಬಗೆ. ಅರ್ಥವಾಗುವುದಕ್ಕೆ ಸುಲಭವಾದ ದಾರಿ 2022ರಲ್ಲಿ ಸಾಲಿಮನ್ಸ್ ಮತ್ತು ಹೋ ತೋರಿಸಿದ್ದು. ಡಿಡಿಐಎಂನಂಥ ವಿಧಾನದಲ್ಲಿ ಶುರುವಿನ ನಾಯ್ಸ್ ಒಂದಾದರೆ ಕೊನೆಯ ಚಿತ್ರವೂ ಒಂದೇ. ಇಲ್ಲಿ ಅನುಮಾನಕ್ಕೆ ಜಾಗವಿಲ್ಲ. ಹಾಗಾಗಿ ನಿಧಾನದ ಮಾಡೆಲ್ ಎರಡು ಹೆಜ್ಜೆಯಲ್ಲಿ ಎಲ್ಲಿ ಮುಟ್ಟುತ್ತದೋ ಅಲ್ಲಿಗೆ ಒಂದೇ ಹೆಜ್ಜೆಯಲ್ಲಿ ಮುಟ್ಟು ಅಂತ ಹೊಸ ಮಾಡೆಲ್‌ಗೆ ಕಲಿಸುತ್ತಾರೆ. ಆಮೇಲೆ ಅದನ್ನೇ ಗುರು ಮಾಡಿ ಮತ್ತೆ ಅರ್ಧ. ಹೊಸ ಮಾಡೆಲ್ ಈಗ ಎಲ್ಲ ಚಿತ್ರಗಳ ಸರಾಸರಿ ಹೇಳಬೇಕಾಗಿಲ್ಲ, ಈ ನಾಯ್ಸಿಗೆ ಸೇರಿದ ಆ ಒಂದು ಚಿತ್ರ ಹೇಳಿದರೆ ಸಾಕು. ನಮ್ಮ ಪುಟ್ಟ ಉದಾಹರಣೆಯಲ್ಲಿ ಈ ಶಿಷ್ಯನ ಸೂತ್ರ ಬಲು ಸುಲಭ: `x` ಧನವಾಗಿದ್ದರೆ +1, ಋಣವಾಗಿದ್ದರೆ −1. ಅಂದರೆ ನಿಮ್ಮ 'ಒಂದೇ ಸಲ' ಅಸಾಧ್ಯವೇನಲ್ಲ. ಆದರೆ ದಾರಿ ಎಲ್ಲಿಗೆ ಹೋಗುತ್ತದೆ ಅಂತ ಮೊದಲು ಯಾರಾದರೂ ನಡೆದು ನೋಡಿರಬೇಕು.

ಪ್ರಾಂಪ್ಟ್ ಎಲ್ಲಿ ಬಂತು? ಟ್ರೈನಿಂಗಿನಲ್ಲಿ ಚಿತ್ರದ ಜೊತೆ ಅದರ ವಿವರಣೆಯನ್ನೂ ನೆಟ್‌ವರ್ಕ್‌ಗೆ ಕೊಟ್ಟಿರುತ್ತಾರೆ. ಆಗ ಅದು ಎಲ್ಲ ಚಿತ್ರಗಳ ಸರಾಸರಿ ಹೇಳುವ ಬದಲು ಆ ವಿವರಣೆಗೆ ಹೊಂದುವ ಚಿತ್ರಗಳ ಸರಾಸರಿ ಹೇಳುತ್ತದೆ. ಮೊದಲ ಹೆಜ್ಜೆಯ ಮಸುಕೇ ಆಗ ಬೇರೆ. ಅಷ್ಟಾದರೂ ಪ್ರಾಂಪ್ಟಿನ ಹಿಡಿತ ಸಾಲದು ಅಂತ ಇನ್ನೊಂದು ಉಪಾಯ ಮಾಡುತ್ತಾರೆ. ಪ್ರತಿ ಹೆಜ್ಜೆಯಲ್ಲೂ ಎರಡು ಸಲ ಊಹೆ ಕೇಳುತ್ತಾರೆ, ಪ್ರಾಂಪ್ಟ್ ಕೊಟ್ಟು ಒಮ್ಮೆ, ಕೊಡದೆ ಒಮ್ಮೆ. ಎರಡರ ವ್ಯತ್ಯಾಸವನ್ನು 7.5ರಂಥ ಸಂಖ್ಯೆಯಿಂದ ಹಿಗ್ಗಿಸಿ, ಪ್ರಾಂಪ್ಟ್ ಇಲ್ಲದ ಊಹೆಗೆ ಸೇರಿಸುತ್ತಾರೆ. ನಿಮ್ಮ ಪರದೆಯ ಮೇಲಿನ `CFG Scale` ಇದೇ. ಇದು ಲೆಕ್ಕದ ಪ್ರಕಾರ ಸರಿಯಾದ ಸರಾಸರಿಯಲ್ಲ, ಬೇಕಂತಲೇ ಮಾಡಿದ ಅತಿ. ಅದಕ್ಕೇ 15, 20ಕ್ಕೆ ಏರಿಸಿದರೆ ಬಣ್ಣಗಳು ಕಣ್ಣಿಗೆ ಹೊಡೆಯುತ್ತವೆ, ಬೆಳಕು ನೆರಳು ಗಡುಸಾಗುತ್ತವೆ. ಆ ಥರದ ಚಿತ್ರ ಕಂಡರೆ ಸ್ಟೆಪ್ ಹೆಚ್ಚಿಸಿ ಪ್ರಯೋಜನವಿಲ್ಲ, ಈ ಸಂಖ್ಯೆಯನ್ನು ಇಳಿಸಿ.

ಇನ್ನೊಂದು ದೋಷ ಇದೆ, ನನಗೆ ಇದು ತುಂಬಾ ಇಷ್ಟ. ಸ್ಟೇಬಲ್ ಡಿಫ್ಯೂಷನ್ನಿನ ಹಳೆಯ ಆವೃತ್ತಿಗಳಿಗೆ 'ಪೂರ್ತಿ ಕಪ್ಪು ಹಿನ್ನೆಲೆ' ಅಂತ ಎಷ್ಟು ಕೇಳಿದರೂ ಕಾರ್ಗತ್ತಲು ಬರುವುದಿಲ್ಲ. ಎಲ್ಲಿಂದಲೋ ಬೆಳಕು ಸೋರುತ್ತದೆ, ಇಡೀ ಚಿತ್ರದ ಸರಾಸರಿ ಹೊಳಪು ನಡುಮಧ್ಯಕ್ಕೇ ಬಂದು ಕೂರುತ್ತದೆ. ಯಾಕೆ ಗೊತ್ತಾ? ಅದರ ಟ್ರೈನಿಂಗಿನಲ್ಲಿ ಕೊನೆಯ, ಅಂದರೆ 1000ನೇ ಮಟ್ಟದಲ್ಲೂ ಚಿತ್ರದ ಪಾಲು ಸೊನ್ನೆಯಾಗಿರಲಿಲ್ಲ. ಹೋ ಮತ್ತು ಸಂಗಡಿಗರ 0.006ರ ಬದಲು ಇಲ್ಲಿ ಗುಣಕ 0.068 ಇತ್ತು. ಒಂದು ಜಾಗದಲ್ಲಿ ನೋಡಿದರೆ 0.068 ಏನೂ ಅಲ್ಲ, ನಾಯ್ಸ್ ಅದಕ್ಕಿಂತ 15 ಪಟ್ಟು ದೊಡ್ಡದು. ಆದರೆ ಒಂದು ಪದರದಲ್ಲಿ 64×64, ಅಂದರೆ 4096 ಜಾಗಗಳಿವೆ. ಅಷ್ಟೂ ಜಾಗದ ಸರಾಸರಿ ತೆಗೆದರೆ ನಾಯ್ಸ್ ಒಂದನ್ನೊಂದು ಹೊಡೆದುಕೊಂಡು 64ನೇ ಒಂದು ಭಾಗಕ್ಕೆ, ಸುಮಾರು 0.016ಕ್ಕೆ ಇಳಿಯುತ್ತದೆ. ಇಡೀ ಚಿತ್ರ ಗಾಢವಾಗಿದ್ದರೆ ಆ 0.068 ಗುಣಕದ ಸುಳಿವು ಈ 0.016ರ ಮೇಲೆ ಎದ್ದು ಕಾಣುತ್ತದೆ. ಹಾಗಾಗಿ ಚಿತ್ರ ಕತ್ತಲೋ ಬೆಳಕೋ ಅನ್ನುವುದನ್ನು ಕೊನೆಯ ಮಟ್ಟದಲ್ಲೂ ಈ ಸರಾಸರಿ ನೋಡಿಯೇ ಹೇಳಬಹುದು ಅಂತ ಮಾಡೆಲ್ ಕಲಿತುಬಿಟ್ಟಿದೆ.

ನೀವು ಚಿತ್ರ ಮಾಡಿಸುವಾಗ ಶುರು ಮಾಡುವುದು ಅಪ್ಪಟ ನಾಯ್ಸಿನಿಂದ. ಅದರ ಸರಾಸರಿ ಸೊನ್ನೆಯ ಹತ್ತಿರವೇ ಇರುತ್ತದೆ. ಮಾಡೆಲ್ ಅದನ್ನು ನೋಡಿ, ಓಹೋ ಇದು ಮಧ್ಯಮ ಹೊಳಪಿನ ಚಿತ್ರ ಅಂತ ತೀರ್ಮಾನಿಸುತ್ತದೆ. ಪ್ರಾಂಪ್ಟಿಗಿಂತ ಆ ತೀರ್ಮಾನದ ತೂಕವೇ ಜಾಸ್ತಿಯಾಗುತ್ತದೆ. ಇದನ್ನು 2023ರಲ್ಲಿ ಬಿಡಿಸಿ ತೋರಿಸಿದ ಪ್ರಬಂಧ ಕೊನೆಯ ಮಟ್ಟದ ಗುಣಕವನ್ನು ಸೊನ್ನೆಯೇ ಮಾಡಿ ಅಂತ ಹೇಳಿತು. ಹಾಗೆ ಮಾಡಿದರೆ ಇನ್ನೊಂದು ತೊಡಕು. ಅಪ್ಪಟ ನಾಯ್ಸ್ ಕೊಟ್ಟು ನಾಯ್ಸ್ ಯಾವುದು ಅಂತ ಕೇಳಿದರೆ, ಕೊಟ್ಟಿದ್ದನ್ನೇ ವಾಪಸ್ ಕೊಟ್ಟರೂ ಅದು ಸರಿ ಉತ್ತರ. ಅದರಿಂದ ಮಾಡೆಲ್ ಏನೂ ಕಲಿಯುವುದಿಲ್ಲ. ಅದಕ್ಕೆ ಬರೀ ನಾಯ್ಸನ್ನು ಕೇಳುವ ಬದಲು ಚಿತ್ರ ಮತ್ತು ನಾಯ್ಸ್ ಎರಡೂ ಸೇರಿದ ಒಂದು ಪ್ರಮಾಣವನ್ನು ಕೇಳಬೇಕಾಗುತ್ತದೆ. ಕೆಲವು ಮಾಡೆಲ್‌ಗಳ ಸೆಟ್ಟಿಂಗಿನಲ್ಲಿ `v_prediction` ಅಂತ ಕಾಣುವುದು ಇದೇ. ಆ ಮಾಡೆಲ್‌ಗೆ ಅದನ್ನು ಹಾಕಲು ಮರೆತರೆ ಬರೀ ಕಸ ಬರುತ್ತದೆ, ಯಾಕೆಂದರೆ ಅದು ಹೇಳುವ ಉತ್ತರವನ್ನು ನಾವು ಬೇರೆ ಸೂತ್ರದಲ್ಲಿ ಓದುತ್ತಿರುತ್ತೇವೆ.

ಕೊನೆಗೆ, ಚಿತ್ರ ಎಲ್ಲಿಂದ ಬಂತು ಅನ್ನುವುದಕ್ಕೆ ಮತ್ತೆ ಬರಬೇಕು, ಯಾಕೆಂದರೆ ನನ್ನ ಉದಾಹರಣೆ ಒಂದು ವಿಚಿತ್ರವನ್ನು ಮುಚ್ಚಿಡುತ್ತದೆ. ಅಲ್ಲಿ ಊಹೆ ಲೆಕ್ಕದ ಪ್ರಕಾರ ಪಕ್ಕಾ. ಅದಕ್ಕೇ ಕೊನೆಗೆ ಬಂದದ್ದು ಟ್ರೈನಿಂಗಿನಲ್ಲಿದ್ದ ಎರಡು ಚಿತ್ರಗಳಲ್ಲಿ ಒಂದು. ಹೆಜ್ಜೆಗಳು ಸಾಕಷ್ಟು ಸಣ್ಣದಾಗಿದ್ದರೆ ಮೂರನೆಯದು ಬರಲು ಸಾಧ್ಯವೇ ಇಲ್ಲ. ಕೋಟಿ ಚಿತ್ರಗಳಿದ್ದರೂ ಅಷ್ಟೇ. ಊಹೆ ಲೆಕ್ಕದ ಪ್ರಕಾರ ಪರಿಪೂರ್ಣವಾಗಿದ್ದರೆ, ಮಾಡೆಲ್ ಹಳೆಯ ಚಿತ್ರಗಳನ್ನೇ ಒಂದೊಂದಾಗಿ ಹೊರಗೆ ಹಾಕುತ್ತದೆ. ಹೊಸ ಚಿತ್ರ ಬರುವುದು ಊಹೆ ಪರಿಪೂರ್ಣವಲ್ಲದ್ದರಿಂದ.

ನೆಟ್‌ವರ್ಕ್‌ಗೆ ಅಷ್ಟು ಚಿತ್ರಗಳನ್ನು ಬಾಯಿಪಾಠ ಮಾಡುವಷ್ಟು ಜಾಗವಿಲ್ಲ. ಅದು ಎಲ್ಲ ಕಡೆ ಹೊಂದುವ ನಿಯಮಗಳನ್ನು ಕಲಿಯುತ್ತದೆ. ಇಂಥ ಅಂಚಿನ ಪಕ್ಕ ಇಂಥ ನೆರಳು, ಇಂಥ ಬಣ್ಣದ ಪಕ್ಕ ಇಂಥ ಮೇಲ್ಮೈ. ಬಹಳಷ್ಟು ನಿಯಮಗಳು ಹತ್ತಿರದ ಜಾಗವನ್ನಷ್ಟೇ ನೋಡುವಂಥವು. ಒಂದು ಮೂಲೆಯಲ್ಲಿ ಒಂದು ಚಿತ್ರದ ಗುಣ, ಇನ್ನೊಂದು ಮೂಲೆಯಲ್ಲಿ ಇನ್ನೊಂದರದು ಸೇರಿ, ಯಾವ ಟ್ರೈನಿಂಗ್ ಚಿತ್ರವೂ ಅಲ್ಲದ ಒಂದು ಹುಟ್ಟುತ್ತದೆ. ಆರು ಬೆರಳಿನ ಕೈಗೂ ಇದು ಒಂದು ಕಾರಣ. ಪ್ರತಿ ಬೆರಳೂ ಬಿಡಿಯಾಗಿ ನೋಡಿದರೆ ಸರಿಯಾಗಿರುತ್ತದೆ, ಬೆರಳಿನ ಪಕ್ಕ ಬೆರಳು ಇರುವುದೂ ಸರಿ. ಒಟ್ಟು ಎಷ್ಟು ಅಂತ ಎಣಿಸುವ ನಿಯಮ ಮಾತ್ರ ಅಷ್ಟು ಗಟ್ಟಿಯಾಗಿ ಕೂತಿಲ್ಲ.

ಇದರ ಉಲ್ಟಾ ಪ್ರಕರಣವೂ ಇದೆ. 2023ರಲ್ಲಿ ಕಾರ್ಲಿನಿ ಮತ್ತು ಸಂಗಡಿಗರು ಸ್ಟೇಬಲ್ ಡಿಫ್ಯೂಷನ್ನಿನಿಂದ ಟ್ರೈನಿಂಗ್ ಚಿತ್ರಗಳನ್ನು ಹೆಚ್ಚೂಕಡಿಮೆ ಹಾಗೇ ಹೊರತೆಗೆದು ತೋರಿಸಿದರು. ಹಾಗೆ ಸಿಕ್ಕಿಬಿದ್ದವು ಹೆಚ್ಚಾಗಿ ಟ್ರೈನಿಂಗ್ ರಾಶಿಯಲ್ಲಿ ಅದೇ ಚಿತ್ರ, ಅದೇ ವಿವರಣೆ ಹತ್ತಾರು, ನೂರಾರು ಸಲ ನಕಲಾಗಿದ್ದಂಥವು. ಅಷ್ಟು ಸಲ ನೋಡಿದ್ದಕ್ಕೆ ಆ ಒಂದು ಪ್ರಾಂಪ್ಟಿನ ಮಟ್ಟಿಗೆ ಊಹೆ ಪಕ್ಕಾ ಆಗಿಬಿಟ್ಟಿದೆ, ನಮ್ಮ ಕಪ್ಪು ಬಿಳುಪಿನ ಹಾಗೆ. ನಿಮ್ಮ ಕಂಪ್ಯೂಟರಿನಲ್ಲೂ ಇದನ್ನು ಹಿಡಿಯಬಹುದು. ಒಂದು ಪ್ರಾಂಪ್ಟ್ ಇಟ್ಟು ಸೀಡ್ ಮಾತ್ರ ಬದಲಿಸುತ್ತಾ ಹತ್ತು ಚಿತ್ರ ಮಾಡಿಸಿ. ಸೀಡ್ ಯಾವುದಿದ್ದರೂ ಅದೇ ಜೋಡಣೆ, ಅದೇ ಕೋನ ಬರುತ್ತಿದ್ದರೆ, ಅಲ್ಲಿ ನಾಯ್ಸಿಗೆ ಆರಿಸಲು ಏನೂ ಉಳಿದಿಲ್ಲ ಅಂತ ಅರ್ಥ. ಆ ಚಿತ್ರವನ್ನು ನಿಮ್ಮದು ಅಂತ ಎಲ್ಲಾದರೂ ಹಾಕುವ ಮುಂಚೆ ಒಮ್ಮೆ ಇಮೇಜ್ ಸರ್ಚ್ ಮಾಡಿ ನೋಡಿ.